ಪ್ಯಾಕೆಟ್ ಮೇಲಿರುವ ವಿಳಾಸ ಕಳಿಸಿದವರದ್ದು ಅಂತ ನಂಬಬೇಡಿ

ಪ್ರಶ್ನೆ: ನಮ್ಮ ವೆಬ್ ಸರ್ವರ್‌ಗೆ ನಿನ್ನೆಯಿಂದ ನಾವು ಕೇಳದೇ ಇರುವ ಡಿಎನ್‌ಎಸ್ ಉತ್ತರಗಳು ಸುರಿಯುತ್ತಿವೆ. ಸಾವಿರಾರು ಐಪಿಗಳಿಂದ ಬರುತ್ತಿವೆ. ಒಂದೊಂದಾಗಿ ಬ್ಲಾಕ್ ಮಾಡುತ್ತಿದ್ದೇನೆ, ಮುಗಿಯುತ್ತಲೇ ಇಲ್ಲ. ಈ ದಾಳಿಕೋರರ ಮೇಲೆ ದೂರು ಕೊಡುವುದು ಹೇಗೆ?

ದೂರು ಬರೆಯುವ ಮುಂಚೆ ಸ್ವಲ್ಪ ತಡೆಯಿರಿ. 2014ರ ಫೆಬ್ರವರಿಯಲ್ಲಿ ನಾನೂ ಇಂಥದ್ದೇ ಒಂದು ದೂರು ಬರೆದೆ. ಬರೆದದ್ದು ಏಟು ತಿನ್ನುತ್ತಿದ್ದವರ ಮೇಲೆ.

ಆಗ ನಾನು ಮಧ್ಯ ಕರ್ನಾಟಕದ ಒಂದು ಸಣ್ಣ ಇಂಟರ್ನೆಟ್ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಹೊರಗಿನ ಲಿಂಕ್ 100 ಎಂಬಿಪಿಎಸ್. ಗ್ರಾಹಕರ ಯಂತ್ರಗಳಿಗೆ ಸರಿಯಾದ ಸಮಯ ಸಿಗಲಿ ಅಂತ ಒಂದು ಎನ್‌ಟಿಪಿ ಸರ್ವರ್ ಇಟ್ಟಿದ್ದೆ. ಒಂದು ಬೆಳಿಗ್ಗೆ ಎಲ್ಲರ ಇಂಟರ್ನೆಟ್ ತೆವಳತೊಡಗಿತು. ನೋಡಿದರೆ ಆ ಟೈಮ್ ಸರ್ವರ್ ಒಂದೇ ಹೊರಗಿನ ಲಿಂಕನ್ನು ಪೂರ್ತಿ ತುಂಬಿಸುತ್ತಿತ್ತು. ಈ ಕಮಾಂಡ್ ಹಾಕಿದೆ:

```
tcpdump -n -i eth0 udp port 123
```

ವಿದೇಶದ ಒಂದೇ ಐಪಿ ಬಿಡದೆ `monlist` ಅನ್ನುವ ಪಟ್ಟಿ ಕೇಳುತ್ತಿತ್ತು. ನನ್ನ ಸರ್ವರ್ ಬಿಡದೆ ಉತ್ತರ ಕೊಡುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಆ ಐಪಿ ಯಾರದ್ದು ಅಂತ ಹುಡುಕಿ, ಒಂದು ಹೋಸ್ಟಿಂಗ್ ಕಂಪನಿಗೆ ಖಾರವಾಗಿಯೇ ಮೇಲ್ ಹಾಕಿದೆ. ಅವರ ಉತ್ತರ ಎರಡೇ ಸಾಲು: "ನಾವು ನಿಮಗೆ ಒಂದು ಪ್ಯಾಕೆಟ್ಟೂ ಕಳಿಸಿಲ್ಲ. ನಿಮ್ಮಂಥ ಸಾವಿರಾರು ಸರ್ವರ್‌ಗಳು ಸೇರಿ ನಮ್ಮನ್ನು ಮುಳುಗಿಸುತ್ತಿದ್ದೀರಿ, ದಯವಿಟ್ಟು ನಿಲ್ಲಿಸಿ."

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ನನ್ನ ಹಾಗೆ ತಪ್ಪು ಜನರ ಮೇಲೆ ದೂರು ಕೊಡಲು ಹೊರಟಿದ್ದೀರಿ. ಪ್ಯಾಕೆಟ್‌ನ 'ಕಳಿಸಿದವರು' ಅನ್ನುವ ಜಾಗದಲ್ಲಿದ್ದ ಐಪಿಯನ್ನು ನಾನು ಫೋನಿನಲ್ಲಿ ಕಾಣುವ ನಂಬರಿನ ಹಾಗೆ ನೋಡಿದೆ. ನೆಟ್‌ವರ್ಕೇ ಪರೀಕ್ಷಿಸಿ ಹಾಕಿದ್ದು ಅಂತ ನಂಬಿದೆ. ಆದರೆ ಅದನ್ನು ಬರೆಯುವುದು ಕಳಿಸುವ ಯಂತ್ರವೇ. ಪೋಸ್ಟ್‌ಕಾರ್ಡಿನಲ್ಲಿ 'ಇಂದ' ಅಂತ ಯಾರ ಹೆಸರು ಬೇಕಾದರೂ ಬರೆಯಬಹುದು. ಅಂಚೆಯವರು ನೋಡುವುದು 'ಗೆ' ಮಾತ್ರ. ರೌಟರ್‌ಗಳೂ ಹಾಗೆಯೇ. ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ನೋಡಿ ಮುಂದೆ ತಳ್ಳುತ್ತವೆ. ಎಲ್ಲಿಂದ ಬಂತು ಅಂತ ತಾವಾಗಿ ಕೇಳುವುದಿಲ್ಲ.

ಟಿಸಿಪಿಯಲ್ಲಿ ಈ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಸರ್ವರ್ ಮೊದಲು ಒಂದು ಸಂಖ್ಯೆಯನ್ನು ಆ ವಿಳಾಸಕ್ಕೆ ಕಳಿಸುತ್ತದೆ. ಅದಕ್ಕೆ ಸರಿಯಾದ ಉತ್ತರ ವಾಪಸ್ ಬಂದ ಮೇಲೆ ಮಾತ್ರ ಮಾತು ಮುಂದುವರಿಯುತ್ತದೆ. ಸುಳ್ಳು ವಿಳಾಸ ಬರೆದವನಿಗೆ ಆ ಸಂಖ್ಯೆ ಕಾಣುವುದೇ ಇಲ್ಲ. ಯುಡಿಪಿಯಲ್ಲಿ ಇಂಥ ಪರೀಕ್ಷೆ ಇಲ್ಲ. ಡಿಎನ್‌ಎಸ್, ಎನ್‌ಟಿಪಿ ಎರಡೂ ಸಾಮಾನ್ಯವಾಗಿ ಯುಡಿಪಿ ಮೇಲೆ ಓಡುತ್ತವೆ. ಪ್ರಶ್ನೆ ಬಂದ ಕೂಡಲೇ, ಪ್ರಶ್ನೆಯ ಮೇಲೆ ಬರೆದಿರುವ ವಿಳಾಸಕ್ಕೆ ಪೂರ್ತಿ ಉತ್ತರ ಹೊರಟುಬಿಡುತ್ತದೆ.

ಉತ್ತರ ಪ್ರಶ್ನೆಗಿಂತ ದೊಡ್ಡದಾದರೆ ದಾಳಿಕೋರನಿಗೆ ಹಬ್ಬ. `monlist` ಅಂದರೆ 'ಇತ್ತೀಚೆಗೆ ನಿನ್ನ ಹತ್ತಿರ ಮಾತಾಡಿದ ಯಂತ್ರಗಳ ಪಟ್ಟಿ ಕೊಡು' ಅಂತ. ಹಳೆಯ ಎನ್‌ಟಿಪಿ ಸರ್ವರ್ 600 ಯಂತ್ರಗಳವರೆಗೆ ಪಟ್ಟಿ ಕೊಡುತ್ತಿತ್ತು. ಪ್ಯಾಕೆಟ್‌ಗೆ 6 ಹೆಸರಿನಂತೆ 100 ಪ್ಯಾಕೆಟ್. ಕೇಳುವುದಕ್ಕೆ ಮಾತ್ರ ಒಂದೇ ಸಣ್ಣ ಪ್ಯಾಕೆಟ್ ಸಾಕು. ಹಿಗ್ಗುವ ಪ್ರಮಾಣ ಸುಮಾರು 550 ಪಟ್ಟು ತನಕ ಹೋಗುತ್ತಿತ್ತು. ಅಂದರೆ ನನ್ನ 100 ಎಂಬಿಪಿಎಸ್ ತುಂಬಿಸಲು ಅವನಿಗೆ ಕಾಲು ಎಂಬಿಪಿಎಸ್ ಕೂಡ ಬೇಕಿರಲಿಲ್ಲ.

ಮೇಲ್ ಓದಿದ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಮತ್ತೆ ಪ್ಯಾಕೆಟ್ ನೋಡಿದೆ. ಪ್ರಶ್ನೆಗಳೆಲ್ಲ ಸೋರ್ಸ್ ಪೋರ್ಟ್ 80ರಿಂದ ಬಂದಂತೆ ಬರೆದಿತ್ತು. ಯಾವ ಯಂತ್ರ ವೆಬ್ ಪೋರ್ಟ್‌ನಿಂದ ಸಮಯ ಕೇಳುತ್ತದೆ ಹೇಳಿ? ನನ್ನ ಉತ್ತರಗಳು ಅವರ ವೆಬ್ ಸರ್ವರ್‌ನ 80ನೇ ಪೋರ್ಟ್‌ಗೆ ಹೋಗಿ ಬೀಳಲಿ ಅಂತಲೇ ಯಾರೋ ಹಾಗೆ ಬರೆದಿದ್ದರು. ಅವತ್ತೇ `ntp.conf`ನಲ್ಲಿ ಈ ಎರಡು ಸಾಲು ಹಾಕಿ, ಅವರಿಗೆ ಕ್ಷಮೆ ಕೇಳಿ ಬರೆದೆ:

```
disable monitor
restrict default noquery
```

ಸಮಯ ಕೊಡುವ ಕೆಲಸ ಹಾಗೇ ನಡೆಯಿತು. ಪಟ್ಟಿ ಕೊಡುವುದು ಮಾತ್ರ ನಿಂತಿತು.

ಈಗ ನಿಮ್ಮ ವಿಷಯ. ಯಾರೋ ನಿಮ್ಮ ವಿಳಾಸ ಬರೆದು ಡಿಎನ್‌ಎಸ್ ಸರ್ವರ್‌ಗಳಿಗೆ ಪ್ರಶ್ನೆ ಕಳಿಸುತ್ತಿದ್ದಾರೆ, ಅವು ನಿಮಗೆ ಉತ್ತರ ಕಳಿಸುತ್ತಿವೆ. ಆ ಸಾವಿರಾರು ಐಪಿಗಳು ದಾಳಿಕೋರರಲ್ಲ, ಅವತ್ತಿನ ನನ್ನಂಥವರು. ಒಂದೊಂದಾಗಿ ಬ್ಲಾಕ್ ಮಾಡುವುದನ್ನು ನಿಲ್ಲಿಸಿ. ನಿಮ್ಮ ಸರ್ವರ್‌ನಲ್ಲಿ ಬ್ಲಾಕ್ ಆಗುವ ಹೊತ್ತಿಗೆ ಆ ಪ್ಯಾಕೆಟ್ ನಿಮ್ಮ ಲಿಂಕ್ ದಾಟಿ ಬಂದಾಗಿರುತ್ತದೆ. ಕೆಲಸ ಆಗಬೇಕಾದದ್ದು ಲಿಂಕಿನ ಆಚೆ ತುದಿಯಲ್ಲಿ. ಇಂಟರ್ನೆಟ್ ಕೊಡುವವರಿಗೆ ಈಗಲೇ ಫೋನ್ ಮಾಡಿ. ಈ ವೆಬ್ ಸರ್ವರ್‌ನ ಐಪಿಗೆ ಬರುವ, ಸೋರ್ಸ್ ಪೋರ್ಟ್ 53 ಇರುವ ಯುಡಿಪಿಯನ್ನು ಅವರ ಕಡೆಯೇ ಬೀಳಿಸಲು ಹೇಳಿ. ನೀವು ನಿಜವಾಗಿ ಬಳಸುವ ಡಿಎನ್‌ಎಸ್ ಸರ್ವರ್‌ಗಳ ಐಪಿಗೆ ಮಾತ್ರ ವಿನಾಯಿತಿ ಇರಲಿ. ತುಂಡಾಗಿ ಬರುವ ದೊಡ್ಡ ಉತ್ತರಗಳ ಎರಡನೇ ತುಂಡಿನಲ್ಲಿ ಪೋರ್ಟ್ ನಂಬರ್ ಇರುವುದಿಲ್ಲ, ಅದನ್ನೂ ಅವರಿಗೆ ನೆನಪಿಸಿ.

ನಿಜವಾದ ಕಳ್ಳನನ್ನು ನಿಮ್ಮ ಲಾಗ್ ನೋಡಿ ಹಿಡಿಯಲು ಆಗುವುದಿಲ್ಲ. ಅವನ ಒಂದು ಪ್ಯಾಕೆಟ್ಟೂ ನಿಮ್ಮ ತನಕ ಬಂದೇ ಇಲ್ಲ. ಅವನನ್ನು ತಡೆಯಬಹುದಾದ ಜಾಗವೇ ಬೇರೆ: ಅವನ ಪ್ಯಾಕೆಟ್ ಮೊದಲ ಸಲ ಇಂಟರ್ನೆಟ್‌ಗೆ ಕಾಲಿಡುವ ಬಾಗಿಲು. ಅಲ್ಲಿ ಮಾಡುವ ತಪಾಸಣೆಗೇ ಇಂಗ್ರೆಸ್ ಫಿಲ್ಟರಿಂಗ್ ಅನ್ನುತ್ತಾರೆ. 2000ನೇ ಇಸವಿಯಲ್ಲೇ ಇದನ್ನು ಆರ್‌ಎಫ್‌ಸಿ 2827 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಬಿಸಿಪಿ 38 ಅಂದರೂ ಅದೇ.

ಆ ಘಟನೆ ಆದ ಮೇಲೆ ನಾನು ಇದನ್ನು ನಮ್ಮ ಗ್ರಾಹಕರ ಪೋರ್ಟ್‌ಗಳಿಗೆ ಹಾಕಿದೆ. ಒಬ್ಬ ಗ್ರಾಹಕನಿಗೆ 203.0.113.8/29 ಕೊಟ್ಟಿದ್ದೇನೆ ಅಂತಿಟ್ಟುಕೊಳ್ಳಿ. ಅವನ ತಂತಿಯಿಂದ ಬರುವ ಪ್ಯಾಕೆಟ್‌ನಲ್ಲಿ ಆ 8 ವಿಳಾಸ ಬಿಟ್ಟು ಬೇರೆ ಇರಲು ಕಾರಣವೇ ಇಲ್ಲ. ನಮ್ಮ ಲಿನಕ್ಸ್ ರೌಟರ್‌ನಲ್ಲಿ ಒಂದೇ ಸಾಲು:

```
iptables -I FORWARD -i eth1 ! -s 203.0.113.8/29 -j DROP
```

ಹಾಕಿ ಕೌಂಟರ್ ನೋಡುತ್ತಾ ಕೂತೆ. ಹೆಚ್ಚಿನ ಪೋರ್ಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬಿತ್ತು. ರೌಟರ್ ಸರಿಯಾಗಿ ಜೋಡಿಸದೆ ಸೋರುತ್ತಿದ್ದ 192.168 ವಿಳಾಸಗಳು ಅವು. ಒಂದು ಪೋರ್ಟ್‌ನಲ್ಲಿ ಮಾತ್ರ ಕೌಂಟರ್ ಓಡುತ್ತಲೇ ಇತ್ತು. ಒಂದೇ ಸೋರ್ಸ್ ಐಪಿ, ಅದು ನಮ್ಮದಲ್ಲ. ಹೋಗುತ್ತಿದ್ದದ್ದು ಪ್ರಪಂಚದ ನೂರಾರು ಡಿಎನ್‌ಎಸ್ ಸರ್ವರ್‌ಗಳಿಗೆ. ಗ್ರಾಹಕನ ಸರ್ವರ್ ಹ್ಯಾಕ್ ಆಗಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ನಮ್ಮ ನೆಟ್‌ವರ್ಕ್‌ನಿಂದಲೇ ಇನ್ಯಾರ ಮೇಲೋ ಪ್ರವಾಹ ಹೊರಟಿತ್ತು. ನಮ್ಮ ಲಿಂಕ್ ತುಂಬದ ಕಾರಣ ನನಗೆ ಕಂಡಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಉತ್ತರ ಕೊಡುವ ಸರ್ವರ್‌ಗಳನ್ನೆಲ್ಲ ಸರಿಮಾಡಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಎನ್‌ಟಿಪಿ ಮುಚ್ಚುತ್ತಾ ಬಂದರು, 2018ರಲ್ಲಿ ವೆಬ್‌ಸೈಟ್ ವೇಗಕ್ಕೆ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಮೆಮ್‌ಕ್ಯಾಶ್ಡ್ ಸರ್ವರ್‌ಗಳು ಸಿಕ್ಕವು. ಅವನ್ನು ಬಳಸಿ ಫೆಬ್ರವರಿ 28ರಂದು ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಸುರಿದರು. ಸರ್ವರ್ ಬದಲಾಯಿತು, ಸುಳ್ಳು ವಿಳಾಸದ ಉಪಾಯ ಹಾಗೇ ಉಳಿಯಿತು.

ಫಿಲ್ಟರ್‌ಗೂ ಮಿತಿ ಇದೆ. ಗ್ರಾಹಕ ತನ್ನದೇ 8 ವಿಳಾಸಗಳೊಳಗೆ ಸುಳ್ಳು ಬರೆದರೆ ದಾಟಿಹೋಗುತ್ತದೆ, ಆದರೆ ಆಗ ಯಾರ ಬಾಗಿಲು ಅಂತಾದರೂ ಗೊತ್ತಾಗುತ್ತದೆ. ಎರಡು ಕಂಪನಿಗಳಿಂದ ಲಿಂಕ್ ತೆಗೆದುಕೊಂಡ ಗ್ರಾಹಕನಿದ್ದರೆ, ಇನ್ನೊಂದು ಕಂಪನಿ ಕೊಟ್ಟ ವಿಳಾಸವನ್ನೂ ಪಟ್ಟಿಗೆ ಸೇರಿಸಬೇಕು, ಇಲ್ಲದಿದ್ದರೆ ಅವನ ಒಳ್ಳೆಯ ಪ್ಯಾಕೆಟ್ಟೂ ಬಿದ್ದುಹೋಗುತ್ತದೆ. ನಿಜ ವಿಳಾಸದಿಂದಲೇ ನೇರವಾಗಿ ಹೊಡೆಯುವ ದಾಳಿಗೆ ಇದು ಮದ್ದಲ್ಲ. ಮುಖ್ಯವಾಗಿ, ನಾನು ಹಾಕಿದ ಫಿಲ್ಟರ್ ನನ್ನನ್ನು ಕಾಯುವುದಿಲ್ಲ, ನಿಮ್ಮನ್ನು ಕಾಯುತ್ತದೆ. ಎಷ್ಟೋ ಕಂಪನಿಗಳು ಇನ್ನೂ ಹಾಕದೇ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಆದ್ದರಿಂದ ಪ್ರವಾಹ ಇಳಿದ ಮೇಲೆ ಎರಡು ಮೇಲ್ ಬರೆಯಿರಿ. ಒಂದು, ಆ ಡಿಎನ್‌ಎಸ್ ಸರ್ವರ್‌ಗಳನ್ನು ಇಟ್ಟವರಿಗೆ: 'ನಿಮ್ಮ ಸರ್ವರ್ ಊರವರಿಗೆಲ್ಲ ಉತ್ತರ ಕೊಡುತ್ತಿದೆ, ನಿಮ್ಮ ಗ್ರಾಹಕರಿಗೆ ಮಾತ್ರ ಸೀಮಿತ ಮಾಡಿ.' ಬೈಯಬೇಡಿ, ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಇನ್ನೊಂದು, ನಿಮ್ಮ ಇಂಟರ್ನೆಟ್ ಕಂಪನಿಗೆ: ನನ್ನ ಪೋರ್ಟ್‌ನಿಂದ ನನ್ನದಲ್ಲದ ವಿಳಾಸ ಬರೆದು ಪ್ಯಾಕೆಟ್ ಕಳಿಸಿದರೆ ನೀವು ತಡೆಯುತ್ತೀರಾ? ಅವರ ಉತ್ತರಕ್ಕೆ ಕಾಯುವಷ್ಟರಲ್ಲಿ ಇಂಟರ್ನೆಟ್ ಬಗ್ಗೆ ಸಂಶೋಧನೆ ಮಾಡುವ ಕೈಡಾ ಸಂಸ್ಥೆಯ ಸ್ಪೂಫರ್ ಅನ್ನುವ ತಂತ್ರಾಂಶ ಹಾಕಿ ನೀವೇ ಪರೀಕ್ಷಿಸಬಹುದು.