ಸಬ್‌ನೆಟ್ ಚೌಕ ಬೇರೆ, ನಂಬಿಕೆಯ ಗಡಿ ಬೇರೆ

“ಎಡಬ್ಲ್ಯೂಎಸ್‌ನಲ್ಲಿರುವ ನಮ್ಮ ನೆಟ್‌ವರ್ಕ್‌ನ ಚಿತ್ರ ಬರೆದಿದ್ದೇನೆ. ಪಬ್ಲಿಕ್, ಆ್ಯಪ್, ಡೇಟಾಬೇಸ್ ಎಂದು ಮೂರು ಸಬ್‌ನೆಟ್‌ಗಳಿವೆ. ಅವುಗಳ ನಡುವೆ ಫೈರ್‌ವಾಲ್ ಗುರುತು ಹಾಕಿದ್ದೇನೆ. ಭದ್ರತಾ ಪರಿಶೀಲಕರು ಟ್ರಸ್ಟ್ ಬೌಂಡರಿ, ಅಂದರೆ ನಂಬಿಕೆಯ ಗಡಿ, ತಪ್ಪಾಗಿದೆ ಎಂದು ಹಿಂತಿರುಗಿಸಿದ್ದಾರೆ. ತಪ್ಪು ಎಲ್ಲಿದೆ?”

ಬಹುಮಟ್ಟಿಗೆ ತಪ್ಪಿರುವುದು ಆ ಫೈರ್‌ವಾಲ್ ಗುರುತುಗಳಲ್ಲಿಯೇ. ಎಡಬ್ಲ್ಯೂಎಸ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್ ಆದ ವಿಪಿಸಿಯ ಪ್ರತಿಯೊಂದು ರೂಟ್ ಟೇಬಲ್‌ನಲ್ಲಿಯೂ, ಅದರೊಳಗಿನ ಎಲ್ಲ ವಿಳಾಸಗಳಿಗೆ ದಾರಿ ಕೊಡುವ `local` ಎಂಬ ರೂಟ್ ತಾನಾಗಿಯೇ ಇರುತ್ತದೆ, ಅದನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಪಬ್ಲಿಕ್ ಸಬ್‌ನೆಟ್‌ನಿಂದ ಹೊರಟ ಪ್ಯಾಕೆಟ್ ಡೇಟಾಬೇಸ್ ಸಬ್‌ನೆಟ್‌ಗೆ ನೇರವಾಗಿ ಹೋಗುತ್ತದೆ. ನೀವು ಗೋಡೆ ಬರೆದ ಜಾಗದಲ್ಲಿ ಯಾವ ಪೆಟ್ಟಿಗೆಯೂ ಇಲ್ಲ. ಸಬ್‌ನೆಟ್‌ನ ಅಂಚಿನಲ್ಲಿ ನೆಟ್‌ವರ್ಕ್ ಎಸಿಎಲ್ ಎಂಬ ನಿಯಮಪಟ್ಟಿ ಇರುವುದು ನಿಜ, ಆದರೆ ವಿಪಿಸಿಯ ಜೊತೆಗೇ ಬರುವ ಡೀಫಾಲ್ಟ್ ಎಸಿಎಲ್ ಎರಡೂ ದಿಕ್ಕಿನಲ್ಲಿ ಎಲ್ಲವನ್ನೂ ಬಿಡುತ್ತದೆ. ನಿಜವಾಗಿ ತಡೆಯುವುದು ಸೆಕ್ಯುರಿಟಿ ಗ್ರೂಪ್, ಮತ್ತು ಅದು ನಿಲ್ಲುವುದು ಸಬ್‌ನೆಟ್‌ಗಳ ನಡುವೆ ಅಲ್ಲ, ಒಂದೊಂದು ಯಂತ್ರದ ನೆಟ್‌ವರ್ಕ್ ಇಂಟರ್‌ಫೇಸ್‌ನ ಬಾಗಿಲಲ್ಲಿ.

ಹಿಂದೊಮ್ಮೆ ನಾನು ಪರಿಶೀಲಿಸಿದ ಚಿತ್ರವೂ ಹೀಗೆಯೇ ಇತ್ತು. ವಿಪಿಸಿಯ ವಿಳಾಸ ವ್ಯಾಪ್ತಿ 10.0.0.0/16, ಪಬ್ಲಿಕ್ ಸಬ್‌ನೆಟ್ 10.0.0.0/24ರಲ್ಲಿ ನಿರ್ವಾಹಕರು ಒಳಬರಲು ಒಂದು ಬ್ಯಾಸ್ಟಿಯನ್ ಯಂತ್ರ, 10.0.20.0/24ರಲ್ಲಿ ಪೋಸ್ಟ್‌ಗ್ರೆಸ್, ನಡುವೆ ಅಚ್ಚುಕಟ್ಟಾದ ಕೆಂಪು ಗೋಡೆ. ಬ್ಯಾಸ್ಟಿಯನ್‌ನಲ್ಲಿ ಕುಳಿತು ಇದನ್ನು ಓಡಿಸಿದೆ:

```
nc -zv -w 3 10.0.20.15 5432
```

ಸಂಪರ್ಕ ತಕ್ಷಣ ಸಿಕ್ಕಿತು. ಡೇಟಾಬೇಸ್‌ನ ಸೆಕ್ಯುರಿಟಿ ಗ್ರೂಪ್ ತೆರೆದು ನೋಡಿದರೆ 5432ನೇ ಪೋರ್ಟ್‌ಗೆ ಮೂಲವಾಗಿ 10.0.0.0/16 ಎಂದು ಬರೆದಿತ್ತು, ಅಂದರೆ ಇಡೀ ವಿಪಿಸಿಗೇ ಒಪ್ಪಿಗೆ. ಆ ಸ್ಥಿತಿಯಲ್ಲಿ ಪ್ರಾಮಾಣಿಕವಾಗಿ ಚಿತ್ರ ಬರೆಯುವುದಾದರೆ ಬ್ಯಾಸ್ಟಿಯನ್, ಆ್ಯಪ್ ಮತ್ತು ಡೇಟಾಬೇಸ್ ಮೂರನ್ನೂ ನೆಟ್‌ವರ್ಕ್ ಮಟ್ಟದಲ್ಲಿ ಒಂದೇ ಗಡಿಯೊಳಗೆ ಹಾಕಬೇಕಾಗಿತ್ತು. ಮೂಲದ ಜಾಗದಲ್ಲಿ ವಿಳಾಸ ವ್ಯಾಪ್ತಿಯ ಬದಲು ಆ್ಯಪ್‌ನ ಸೆಕ್ಯುರಿಟಿ ಗ್ರೂಪನ್ನೇ ಕೊಟ್ಟ ಮೇಲೆ ಅದೇ ಆದೇಶ ಮೂರು ಸೆಕೆಂಡು ಕಾದು ಟೈಮ್‌ಔಟ್ ಆಯಿತು. ಇಲ್ಲಿ ಒಂದು ಎಚ್ಚರಿಕೆ: `Connection refused` ಎಂದು ಬಂದರೆ ತಡೆ ಇದೆ ಎಂದು ಸಮಾಧಾನಪಡಬೇಡಿ. ಸೆಕ್ಯುರಿಟಿ ಗ್ರೂಪ್ ಸದ್ದಿಲ್ಲದೆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ನಿರಾಕರಣೆಯ ಉತ್ತರ ಬಂದಿದೆ ಎಂದರೆ ಸಾಮಾನ್ಯವಾಗಿ ಪ್ಯಾಕೆಟ್ ಯಂತ್ರದವರೆಗೆ ತಲುಪಿದೆ, ಅಲ್ಲಿ ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ ಎಂದಷ್ಟೇ ಅರ್ಥ.

ಆದ್ದರಿಂದ ಚಿತ್ರದಲ್ಲಿ ಎರಡು ಪದರಗಳನ್ನು ಬೇರೆಬೇರೆಯಾಗಿ ಬರೆಯಿರಿ. ಮೊದಲನೆಯದು ರೂಟ್ ಟೇಬಲ್ ಹೇಳುವ ರಚನೆ. ಇಂಟರ್‌ನೆಟ್ ಗೇಟ್‌ವೇ ಯಾವ ಸಬ್‌ನೆಟ್‌ನ ಒಳಗೂ ಇರುವುದಿಲ್ಲ, ವಿಪಿಸಿಯ ಅಂಚಿಗೆ ಅಂಟಿಕೊಂಡಿರುತ್ತದೆ, 0.0.0.0/0 ರೂಟ್ ಅದರ ಕಡೆಗೆ ತೋರಿಸಿದ ಸಬ್‌ನೆಟ್ ಮಾತ್ರ ಪಬ್ಲಿಕ್, ಹೆಸರಿನಲ್ಲಿ ಏನೇ ಬರೆದಿರಲಿ. ಎರಡನೆಯದು ನಂಬಿಕೆಯ ಗಡಿ. ಇದನ್ನು ಚುಕ್ಕೆಗೆರೆಯಲ್ಲಿ, ಸೆಕ್ಯುರಿಟಿ ಗ್ರೂಪ್‌ಗಳ ನಿಯಮಗಳನ್ನು ಎದುರಿಗಿಟ್ಟುಕೊಂಡು ಎಳೆಯಿರಿ. ಆ್ಯಪ್ ಯಂತ್ರಗಳು ಎರಡು ಅವೈಲಬಿಲಿಟಿ ಝೋನ್‌ಗಳಲ್ಲಿದ್ದರೆ ಅವು ಎರಡು ಸಬ್‌ನೆಟ್‌ಗಳಲ್ಲಿರುತ್ತವೆ, ಆದರೆ ಸೆಕ್ಯುರಿಟಿ ಗ್ರೂಪ್ ಒಂದೇ ಆಗಿರುವುದರಿಂದ ಚುಕ್ಕೆಗೆರೆ ಎರಡು ಸಬ್‌ನೆಟ್‌ಗಳನ್ನೂ ದಾಟಿ ಒಟ್ಟಿಗೆ ಸುತ್ತುತ್ತದೆ. ಗಡಿ ದಾಟುವ ಪ್ರತಿ ಬಾಣವೂ ಸಂಪರ್ಕವನ್ನು ಆರಂಭಿಸುವವರಿಂದ ಹೊರಡಲಿ, ಅದರ ಮೇಲೆ ಪೋರ್ಟ್ ಮತ್ತು ಅನುಮತಿ ಕೊಟ್ಟ ಗ್ರೂಪ್‌ನ ಹೆಸರು ಇರಲಿ. ಸೆಕ್ಯುರಿಟಿ ಗ್ರೂಪ್ ಸಂಪರ್ಕವನ್ನು ನೆನಪಿಟ್ಟುಕೊಳ್ಳುವುದರಿಂದ ಉತ್ತರಕ್ಕೆ ಬೇರೆ ಬಾಣ ಬೇಡ. ಹೆಸರು ಬರೆಯಲು ನಿಯಮವೇ ಸಿಗದಿದ್ದರೆ ಆ ಚುಕ್ಕೆಗೆರೆಯನ್ನು ಅಳಿಸಿಬಿಡಿ.

ನ್ಯಾಟ್ ಗೇಟ್‌ವೇಯನ್ನು ಹಲವರು ಕಾವಲುಗಾರನಂತೆ ಗಡಿಯ ಮೇಲೆ ಬರೆಯುತ್ತಾರೆ. ಅದರ ಜಾಗ ಸಾಮಾನ್ಯವಾಗಿ ಪಬ್ಲಿಕ್ ಸಬ್‌ನೆಟ್‌ನ ಒಳಗೆ. ಹೊರಗಿನವರು ತಾವಾಗಿ ಸಂಪರ್ಕ ಆರಂಭಿಸದಂತೆ ಅದು ತಡೆಯುತ್ತದೆ. ಒಳಗಿನವರು ಹೊರಗೆ ಏನು ಕಳುಹಿಸುತ್ತಾರೆ ಎಂದು ನೋಡುವುದಿಲ್ಲ, ಅದಕ್ಕೆ ಸೆಕ್ಯುರಿಟಿ ಗ್ರೂಪ್ ಜೋಡಿಸಲೂ ಬರುವುದಿಲ್ಲ. ಫೈಲ್ ಸಂಗ್ರಹ ಸೇವೆಯಾದ ಎಸ್‌3 ವಿಪಿಸಿಯ ಹೊರಗಿನದು. ಅದನ್ನು ಒಳಗಿನ ಚೌಕದಲ್ಲಿ ಬರೆದಿದ್ದರೆ ಹೊರಗೆ ಹಾಕಿ. ಗೇಟ್‌ವೇ ಎಂಡ್‌ಪಾಯಿಂಟ್ ಇಟ್ಟರೆ ದಾರಿ ಬದಲಾಗುತ್ತದೆಯೇ ಹೊರತು ಗಡಿ ಇಲ್ಲವಾಗುವುದಿಲ್ಲ.

ಸಬ್‌ನೆಟ್‌ಗಳ ನಡುವೆ ನಿಜವಾದ ಫೈರ್‌ವಾಲ್ ಬೇಕೇ ಬೇಕು ಎನ್ನುವುದಾದರೆ ಅದಕ್ಕೆ ಸ್ವಂತ ಸಬ್‌ನೆಟ್ ಕೊಟ್ಟು, ಎರಡೂ ಕಡೆಯ ರೂಟ್ ಟೇಬಲ್‌ಗಳಲ್ಲಿ `local`ಗಿಂತ ನಿರ್ದಿಷ್ಟವಾದ ರೂಟ್ ಬರೆದು ಫೈರ್‌ವಾಲ್ ಎಂಡ್‌ಪಾಯಿಂಟ್ ಕಡೆಗೆ ತಿರುಗಿಸಬೇಕು. ಹೋಗುವ ದಾರಿಯನ್ನು ಮಾತ್ರ ತಿರುಗಿಸಿ ಬರುವ ದಾರಿಯನ್ನು ಮರೆತರೆ, ಫೈರ್‌ವಾಲ್‌ಗೆ ಸಂಭಾಷಣೆಯ ಅರ್ಧ ಮಾತ್ರ ಕಾಣುತ್ತದೆ ಮತ್ತು ಸಂಪರ್ಕಗಳು ನಡುವೆಯೇ ನಿಂತುಹೋಗುತ್ತವೆ.