ಸಮ ಮತ ಬಂದಾಗ ಅಧ್ಯಕ್ಷರ ನಿರ್ಣಾಯಕ ಮತ: ನಡವಳಿಯಲ್ಲಿ ಬರೆಯೋದು ಹೇಗೆ

"ಡೇರಿ ಸಂಘದ ಮೀಟಿಂಗಲ್ಲಿ ಹಾಲು ಪರೀಕ್ಷೆ ಮಷಿನ್ ತಗೊಳ್ಳೋ ವಿಷಯಕ್ಕೆ ಅಧ್ಯಕ್ಷರೂ ಸೇರಿ 11 ಜನ ಇದ್ವಿ. ಅಧ್ಯಕ್ಷರೂ ಪರ ಕೈ ಎತ್ತಿ 5–5 ಆಯ್ತು, ಇನ್ನೊಬ್ಬ ನಿರ್ದೇಶಕರು ಕೈ ಎತ್ತಲಿಲ್ಲ. ಅಧ್ಯಕ್ಷರು ಕಾಸ್ಟಿಂಗ್ ವೋಟ್ ಹಾಕಿ ಪಾಸ್ ಮಾಡಿದ್ರು. ನಡವಳಿ ಬುಕ್ಕಲ್ಲಿ 6–5, ಬಹುಮತ ಅಂತ ಬರೆದೆ. ಸರಿನಾ?"

ಸರಿಯಿಲ್ಲ ಸರ್. ಪರ 6, ವಿರೋಧ 5, ತಟಸ್ಥ 1 ಕೂಡಿಸಿ, 12 ಆಗುತ್ತೆ. ಹಾಜರಿ ಸಹಿ ಇರೋದು 11. ಆಡಿಟ್‌ನವರು ಮೊದಲು ಕೈ ಇಡೋದೇ ಅಲ್ಲಿ. ಮೊದಲ ಎಣಿಕೆ ಸಮ ಅಂತಲೇ ನಿಲ್ಲಲಿ, ನಿರ್ಣಾಯಕ ಮತ ಬೇರೆ ವಾಕ್ಯದಲ್ಲಿ ಬರಲಿ. ಹೀಗೆ ಬರೆಯಿರಿ:

"ಸದರಿ ವಿಷಯವನ್ನು ಮತಕ್ಕೆ ಹಾಕಲಾಗಿ, ಅಧ್ಯಕ್ಷರ ಮತವೂ ಸೇರಿ ಪರವಾಗಿ 5, ವಿರುದ್ಧವಾಗಿ 5 ಮತಗಳು ಬಂದವು. ಒಬ್ಬರು ತಟಸ್ಥರಾಗಿದ್ದರು. ಮತಗಳು ಸಮವಾದ ಕಾರಣ ಅಧ್ಯಕ್ಷರು ಬೈಲಾ ಸಂಖ್ಯೆ __ರಂತೆ ತಮ್ಮ ನಿರ್ಣಾಯಕ ಮತವನ್ನು ಠರಾವಿನ ಪರವಾಗಿ ಚಲಾಯಿಸಿದರು. ಠರಾವು ಅಂಗೀಕಾರವಾಯಿತು."

ಕೊನೆಯಲ್ಲಿ "ಬಹುಮತದಿಂದ" ಅಂತ ಸೇರಿಸಬೇಡಿ. ಅಭ್ಯಾಸಬಲದಿಂದ "ಸರ್ವಾನುಮತದಿಂದ" ಅಂತಂತೂ ಬೇಡವೇ ಬೇಡ. ಅಂಥ ಪುಸ್ತಕಗಳೂ ಇವೆ!

ಆ ಖಾಲಿ ಜಾಗಕ್ಕೆ ಸಂಖ್ಯೆ ಹುಡುಕುವಾಗ ಬೈಲಾದ ಸಾಲನ್ನು ಪೂರ್ತಿ ಓದಿ. ಅಧ್ಯಕ್ಷರಿಗೆ ಮೊದಲ ಸುತ್ತಿನಲ್ಲಿ ಮತವೇ ಇಲ್ಲ ಅಂತ ಕೆಲವರು ಹೇಳೋದು ಲೋಕಸಭೆಯ ಸ್ಪೀಕರ್‌ಗೆ ಸರಿ, ಸಂವಿಧಾನದ 100ನೇ ವಿಧಿಯಲ್ಲಿ ಹಾಗೇ ಇದೆ. ಸಂಘದಲ್ಲಿ ಅಧ್ಯಕ್ಷರೂ ಒಬ್ಬ ನಿರ್ದೇಶಕರೇ, ಸಾಮಾನ್ಯವಾಗಿ ಅವರ ಸ್ವಂತ ಮತ ಒಂದು, ಸಮ ಬಂದಾಗ ಇನ್ನೊಂದು. ನಿಮ್ಮ ಬೈಲಾ ಮೊದಲ ಮತ ಕೊಡದಿದ್ದರೆ ಲೆಕ್ಕವೇ ಬದಲಾಗುತ್ತೆ: ಆಗ ಪರ 4, ವಿರೋಧ 5, ಠರಾವು ಬಿದ್ದಂತೆ, ಕಾಸ್ಟಿಂಗ್ ವೋಟಿನ ಮಾತೇ ಬರಲ್ಲ.

ಪಂಚಾಯಿತಿ ಅಧ್ಯಕ್ಷರ ಆಯ್ಕೆಯಲ್ಲಿ ಸಮ ಮತ ಬಂದಾಗ ಚೀಟಿ ಎತ್ತುತ್ತಾರಲ್ಲ ಅಂತ ಕೆಲವರು ಕೇಳಬಹುದು; ಅದು ಚುನಾವಣೆ, ಅದರ ನಿಯಮ ಬೇರೆ. ಠರಾವಿಗೆ ಅದನ್ನು ತರಬೇಡಿ.

ಪುಸ್ತಕಕ್ಕೆ ಅಧ್ಯಕ್ಷರ ಸಹಿ ಬಿದ್ದಿಲ್ಲ ಅಂದ್ರೆ ತಪ್ಪು ಸಾಲಿಗೆ ಒಂದೇ ಗೆರೆ ಎಳೆದು, ಹಳೆಯದು ಓದುವ ಹಾಗೆ ಬಿಟ್ಟು, ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ನೀವೂ ಅವರೂ ಚುಟುಕು ಸಹಿ ಮಾಡಿ. ವೈಟ್ನರ್ ಮುಟ್ಟಬೇಡಿ. ಸಹಿ ಆಗಿ ನಕಲು ಹೊರಗೆ ಹೋಗಿದ್ದರೆ ಆ ಪುಟ ಹಾಗೇ ಇರಲಿ, ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸುವಾಗ ತಿದ್ದುಪಡಿ ದಾಖಲಿಸಿ.

ಅವತ್ತು ಉಪಾಧ್ಯಕ್ಷರು ಸಭೆ ನಡೆಸಿದ್ದರೆ "ಸಭಾಧ್ಯಕ್ಷತೆ ವಹಿಸಿದ್ದ ಉಪಾಧ್ಯಕ್ಷರು" ಅಂತ ಬರೆಯಬೇಕು, ನಿರ್ಣಾಯಕ ಮತ ಆ ದಿನ ಕುರ್ಚಿಯಲ್ಲಿ ಕೂತವರದ್ದು. ವಿರೋಧಿಸಿದವರ ಹೆಸರನ್ನು ಅವರು ಕೇಳಿದರೆ ಬರೆಯಿರಿ. ಅಧ್ಯಕ್ಷರು ನಿರ್ಣಾಯಕ ಮತ ಯಾಕೆ ಪರ ಹಾಕಿದರು ಅನ್ನೋ ಕಾರಣವೂ ಬೇಕು ಅಂತ ಕೆಲವರು ಹಟ ಹಿಡಿತಾರೆ. ನನಗೆ ಬೇಡ ಅನಿಸುತ್ತೆ, ಇಲ್ಲಿರೋ ಹಳೇ ಕಾರ್ಯದರ್ಶಿಗಳು ಏನಂತಾರೋ ನೋಡೋಣ.