ಜರ್ಮನ್‌ನಲ್ಲಿ ‘ವ್ಯುರ್ಡೆ’ ಎಲ್ಲಿ ಸಾಕು, ಎಲ್ಲಿ ಸಾಲದು?

ಪ್ರಶ್ನೆ: ಜರ್ಮನ್ ಬಿ1 ಪರೀಕ್ಷೆಗೆ ಓದ್ತಿದ್ದೀನಿ. ಕಲ್ಪನೆ, ಹಂಬಲ, ವಿನಯ ಹೇಳೋಕೆ ಬಳಸುವ ಕ್ರಿಯಾರೂಪ ಕೊನ್‌ಯುಂಕ್ಟಿವ್ 2ರ ಪಟ್ಟಿ ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಾ ಕಡೆ ವ್ಯುರ್ಡೆ ಹಾಕಿ, ಕ್ರಿಯಾಪದದ ಮೂಲರೂಪ ಕೊನೆಗಿಟ್ಟರೆ ನಡೆಯಲ್ವಾ?

ಬಹುಪಾಲು ಕಡೆ ನಡೆಯುತ್ತೆ. ನಡೆಯದಿರೋದು ಬೆರಳೆಣಿಕೆಯ ಕ್ರಿಯಾಪದಗಳಲ್ಲಿ, ಆದರೆ ದಿನಾ ಬಾಯಿಗೆ ಬರೋದು ಅವೇ.

ಮೊದಲು ವ್ಯುರ್ಡೆ ಯಾಕೆ ಬೇಕಾಯ್ತು ಅಂತ ನೋಡಿ. ಕೌಫೆನ್, ಅಂದರೆ ಕೊಳ್ಳೋದು. ಅದರ ಭೂತಕಾಲ ಕೌಫ್ಟೆ, ಕೊನ್‌ಯುಂಕ್ಟಿವ್ ಕೂಡ ಕೌಫ್ಟೆ. ‘ನಾನು ಕೊಂಡೆ’ ಅಂದಿರೋ, ‘ಕೊಳ್ಳುತ್ತಿದ್ದೆ, ಆದರೆ…’ ಅಂದಿರೋ, ಕೇಳುವವರಿಗೆ ಗೊತ್ತಾಗಲ್ಲ. ಹಾಗಾಗಿ ಇಶ್ ವ್ಯುರ್ಡೆ ಕೌಫೆನ್. ನಿಯಮದಂತೆ ನಡೆಯುವ ಕ್ರಿಯಾಪದಗಳಿಗೆಲ್ಲ ಇದೇ ಸರಿ. ಹೆಲ್ಫೆನ್‌ನಂಥವಕ್ಕೆ ಹ್ಯುಲ್ಫೆ ಅಂತ ಪ್ರತ್ಯೇಕ ರೂಪವಿದೆ, ಆದರೆ ಅದು ಪುಸ್ತಕದಲ್ಲೇ ಉಳಿದಿದೆ; ಮಾತಲ್ಲಿ ವ್ಯುರ್ಡೆ ಹೆಲ್ಫೆನ್ ಅನ್ನೋದೇ ವಾಡಿಕೆ. ಪಟ್ಟಿಯ ದೊಡ್ಡ ಭಾಗವನ್ನು ನೋಡಿದರೆ ಗುರುತಾಗುವಷ್ಟು ಕಲಿತರೆ ಸಾಕು, ಬಾಯಿಪಾಠ ಬೇಡ.

ಬಾಯಿಗೆ ಬರಲೇಬೇಕಾದವು ಇವು: ಹಾಬೆನ್‌ನ ಹೆಟ್ಟೆ, ಝೈನ್‌ನ ವೆರೆ, ಮತ್ತೆ ಕ್ಯೊಂಟೆ, ಮ್ಯುಸ್ಟೆ, ಡ್ಯುರ್ಫ್ಟೆ, ಝೊಲ್ಟೆ. ಮ್ಯೊಷ್ಟೆ ನಿಮಗೆ ಮೊದಲ ಪಾಠದಿಂದಲೇ ಗೊತ್ತಿದೆ, ಅದೂ ಈ ಕುಟುಂಬದ್ದೇ. ಕೆಮೆ, ಗಿಂಗೆ, ವ್ಯುಸ್ಟೆ, ಗೆಬೆ ಇವೂ ಬಳಕೆಯಲ್ಲಿವೆ, ಆದರೆ ಇವುಗಳ ಜಾಗದಲ್ಲಿ ವ್ಯುರ್ಡೆ ಹಾಕಿದರೂ ಯಾರೂ ಹುಬ್ಬೇರಿಸಲ್ಲ.

ಈಗ ಒಂದು ಸಂದರ್ಭ ತಗೊಳ್ಳಿ. ಡಾಕ್ಟರ ಹತ್ತಿರ ನಿಮ್ಮ ಟೆರ್ಮೀನ್ ಮಂಗಳವಾರ ಇದೆ, ಗುರುವಾರಕ್ಕೆ ಹಾಕಿಸಬೇಕು, ಫೋನ್ ಮಾಡಿದ್ದೀರಿ. ಕನ್ನಡದಲ್ಲಾದರೆ ‘ಸ್ವಲ್ಪ ಗುರುವಾರಕ್ಕೆ ಹಾಕಿಕೊಡಿ ಮೇಡಂ’ ಅಂದರೆ ವಿನಯ ಬಂತು. ಜರ್ಮನ್‌ನಲ್ಲಿ ಆಜ್ಞಾರೂಪಕ್ಕೆ ‘ಬಿಟ್ಟೆ’, ಅಂದರೆ ದಯವಿಟ್ಟು, ಸೇರಿಸಿದರೂ ಅದು ಆಜ್ಞೆಯೇ. ಮೊದಲು ನಿಮ್ಮ ವಿಷಯ ಹೇಳಿ: ಇಶ್ ವ್ಯುರ್ಡೆ ಗೆರ್ನ್ ಮೈನೆನ್ ಟೆರ್ಮೀನ್ ಫೆರ್‌ಶೀಬೆನ್. ಇಲ್ಲಿ ವ್ಯುರ್ಡೆ ಬರೀ ಸಾಕು ಅಂತಲ್ಲ, ಅದೇ ಸರಿ. ಫೆರ್‌ಶ್ಯೊಬೆ ಅಂತ ಯಾರೂ ಮಾತಾಡಲ್ಲ. ಮುಂದೆ, ಗುರುವಾರ ಜಾಗ ಇದೆಯಾ ಅಂತ ಕೇಳೋದು: ಹೆಟ್ಟೆನ್ ಝಿ ಆಮ್ ಡೊನರ್ಸ್‌ಟಾಗ್ ಎಟ್‌ವಾಸ್ ಫ್ರೈ? ಇದನ್ನೇ ವ್ಯುರ್ಡೆನ್ ಝಿ … ಫ್ರೈ ಹಾಬೆನ್ ಅಂದರೆ ಅರ್ಥವಾಗುತ್ತೆ, ಆದರೆ ಎಳೆದಾಡಿದ ಹಾಗಿರುತ್ತೆ. ಅಂಗಡಿಯಲ್ಲೂ ಅಷ್ಟೇ: ಇಶ್ ಹೆಟ್ಟೆ ಗೆರ್ನ್ ತ್ಸ್ವೈ ಬ್ರೆಟ್ಸೆಲ್ನ್, ಮುಗಿಯಿತು.

ಕ್ಯೊಂಟೆನ್ ಝಿ ಮತ್ತು ವ್ಯುರ್ಡೆನ್ ಝಿ ನಡುವೆ ಸಣ್ಣ ಅಂತರವಿದೆ. ಮೊದಲನೆಯದು ‘ಸಾಧ್ಯವಾಗುತ್ತಾ’ ಅಂತ ಕೇಳುತ್ತೆ, ಇಲ್ಲ ಅನ್ನೋಕೆ ಎದುರಿನವರಿಗೆ ಜಾಗ ಕೊಡುತ್ತೆ. ಎರಡನೆಯದು ‘ಮನಸ್ಸು ಮಾಡ್ತೀರಾ’ ಅನ್ನೋದು. ‘ಸದ್ದು ಮಾಡದೆ ಇರ್ತೀರಾ’ ಅನ್ನೋಕೆ ವ್ಯುರ್ಡೆನ್ ಝಿ ಬಿಟ್ಟೆ ಲೈಝೆ ಝೈನ್ ಅಂತ ಗಟ್ಟಿ ದನಿಯಲ್ಲಿ ಅಂದರೆ ಅದು ಬೈಗುಳವೇ. ಪರಿಚಯವಿಲ್ಲದವರ ಹತ್ತಿರ ನಾನು ಯಾವಾಗಲೂ ಕ್ಯೊಂಟೆನ್ ಬಳಸ್ತೀನಿ.

ಇನ್ನೊಂದು, ಜರ್ಮನ್ ಸ್ವರಾಕ್ಷರಗಳ ಮೇಲಿನ ಚುಕ್ಕಿಗಳು. ಹೆಟ್ಟೆಯ ಎರಡು ಚುಕ್ಕಿ ಬಿಟ್ಟರೆ ಹಟ್ಟೆ, ‘ನನ್ನ ಹತ್ತಿರ ಇತ್ತು’ ಅಂತಾಗುತ್ತೆ. ಕ್ಯೊಂಟೆನ್ ಝಿ ಕೊಂಟೆನ್ ಝಿ ಆದರೆ ‘ನಿಮಗೆ ಸಾಧ್ಯವಾಯ್ತಾ’. ನೀವು ಕೇಳಿದ್ದು ಸಹಾಯ, ಆದರೆ ಎದುರಿನವರು ಹಳೇ ಸಂಗತಿಗೆ ಉತ್ತರ ಹೇಳ್ತಿದ್ದಾರೆ ಅಂದರೆ ಎಡವಟ್ಟು ಇಲ್ಲೇ ಆಗಿರುತ್ತೆ.

ನಮ್ಮವರು ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಕಳೆದುಹೋದ ವಿಷಯದ ಹಂಬಲದಲ್ಲಿ. ‘ಐದು ನಿಮಿಷ ಮೊದಲೇ ಹೊರಟಿದ್ದರೆ ರೈಲು ಸಿಗ್ತಿತ್ತು’. ಈ ‘ಸಿಗ್ತಿತ್ತು’ವನ್ನು ಹಾಗೇ ಇಳಿಸಿ ಡಾನ್ ವ್ಯುರ್ಡೆ ಇಶ್ ಡೆನ್ ತ್ಸೂಗ್ ಬೆಕೊಮೆನ್ ಅಂತಾರೆ. ಜರ್ಮನ್ ಕಿವಿಗೆ ಅದು ಇನ್ನೂ ಬರಬೇಕಾದ ರೈಲು. ಹೋದ ರೈಲಿಗೆ ವ್ಯುರ್ಡೆ ಬೇಡ; ಹೆಟ್ಟೆ ಅಥವಾ ವೆರೆ ಜೊತೆ ಪಾರ್ಟಿತ್ಸಿಪ್ 2 ಬೇಕು: ವೆನ್ ಇಶ್ ಫ್ಯುನ್ಫ್ ಮಿನೂಟೆನ್ ಫ್ರ್ಯೂಯರ್ ಲೋಸ್‌ಗೆಗಾಂಗೆನ್ ವೆರೆ, ಹೆಟ್ಟೆ ಇಶ್ ಡೆನ್ ತ್ಸೂಗ್ ಬೆಕೊಮೆನ್. ಹೋಗೋದು, ಬರೋದರಂಥ ಚಲನೆಗೆ ವೆರೆ, ಬಹುತೇಕ ಉಳಿದದ್ದಕ್ಕೆ ಹೆಟ್ಟೆ. ಪೆರ್ಫೆಕ್ಟ್‌ನಲ್ಲಿ ಕಲಿತ ವಿಂಗಡಣೆಯೇ ಇದು. ಬರೀ ಹಂಬಲವಾದರೆ ಕ್ರಿಯಾಪದವನ್ನು ಮುಂದಕ್ಕೆ ತಂದು ಡೊಖ್ ಸೇರಿಸಿ: ವೆರೆ ಇಶ್ ಡೊಖ್ ಫ್ರ್ಯೂಯರ್ ಲೋಸ್‌ಗೆಗಾಂಗೆನ್! ಡೊಖ್ ಅಥವಾ ನೂರ್ ಇಲ್ಲದಿದ್ದರೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ, ಮುಂದೇನು ಅಂತ ಕೇಳುವವರು ಕಾಯ್ತಾರೆ.

ವೆನ್, ಅಂದರೆ ‘ಆದರೆ, ಇದ್ದರೆ’ ಅನ್ನೋ ಷರತ್ತು ಇರುವ ಭಾಗದಲ್ಲಿ ವ್ಯುರ್ಡೆ ಹಾಕಬಾರದು ಅಂತ ಹಳೇ ಮೇಷ್ಟ್ರುಗಳು ಹೇಳ್ತಾರೆ. ಮಾತಲ್ಲಿ ಜರ್ಮನ್ನರೇ ಧಾರಾಳವಾಗಿ ಹಾಕ್ತಾರೆ. ಪರೀಕ್ಷೆಯಲ್ಲಿ ಬರೆಯುವಾಗ ವೆನ್ ಇಶ್ ತ್ಸೈಟ್ ಹೆಟ್ಟೆ ಅಂತಲೇ ಬರೆಯಿರಿ; ವೆನ್ ಇಶ್ ಐನ್ ಔಟೊ ಕೌಫೆನ್ ವ್ಯುರ್ಡೆ ಅನ್ನೋದಕ್ಕೆ ಮಾತ್ರ ಹಿಂಜರಿಕೆ ಬೇಡ, ಅಲ್ಲಿ ಕೌಫ್ಟೆ ಅಂದರೆ ಮತ್ತೆ ಅದೇ ಭೂತಕಾಲದ ಗೊಂದಲ.